ಒಂದೇ ಉತ್ತರ, ಆರು ರೂಪ

ಮಗುವಿಗೆ ಬೆಳಿಗ್ಗೆಯಿಂದ ಭೇದಿ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇಲ್ಲ, ಔಷಧದ ಅಂಗಡಿ ದೂರ. ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂದು ತಾಯಿ ಒಂದು ಸಹಾಯವಾಣಿಗೆ ಬರೆದು ಕೇಳುತ್ತಾಳೆ. ಅಲ್ಲಿ ಕೂತವರು ತಮ್ಮ ಕಂಪ್ಯೂಟರಿನಲ್ಲಿ ಈ ಉತ್ತರ ಟೈಪ್ ಮಾಡಿ ಕಳಿಸುತ್ತಾರೆ:

```
**ಮನೆಯಲ್ಲೇ ಓಆರ್‌ಎಸ್**

| ಪದಾರ್ಥ | ಪ್ರಮಾಣ |
|---|---|
| ನೀರು | 1 ಲೀ |
| ಸಕ್ಕರೆ | 6 ಚಮಚ |
| ಉಪ್ಪು | ½ ಚಮಚ |

❌ ಹೆಚ್ಚು ಉಪ್ಪು
```

ಉತ್ತರವೂ ಪ್ರಶ್ನೆಯೂ ವಿವರಣೆಗಾಗಿ ನಾನು ಕಟ್ಟಿಕೊಂಡವು, ಆದರೆ ಅಳತೆ ನಿಜವಾದದ್ದು. ಪೊಟ್ಟಣ ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದಲ್ಲಿ ಗೋಪುರ ಏಳಬಾರದು, ಅಂಚಿಗೆ ಸಮನಾಗಿರಬೇಕು. ಸಕ್ಕರೆ ತುಸು ಆಚೀಚೆಯಾದರೆ ಅಷ್ಟು ಅಪಾಯವಿಲ್ಲ. ಉಪ್ಪು ಹೆಚ್ಚಾದರೆ ನೀರು ಕಳೆದುಕೊಂಡ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಸಂಚಕಾರ ಬರಬಹುದು.

ಬರೆದವರ ಪರದೆಯ ಮೇಲೆ ಈ ಉತ್ತರ ಚೆನ್ನಾಗಿಯೇ ಕಾಣುತ್ತದೆ. ಎರಡು ನಕ್ಷತ್ರಗಳ ನಡುವಿನ ಸಾಲು ದಪ್ಪ ಅಕ್ಷರದ ತಲೆಬರಹವಾಗುತ್ತದೆ. ಉದ್ದಗೀರುಗಳ ನಡುವಿನದು ಅಚ್ಚುಕಟ್ಟಾದ ಕೋಷ್ಟಕವಾಗುತ್ತದೆ. ಕೊನೆಯಲ್ಲಿ ಕೆಂಪು ಕತ್ತರಿ ಗುರುತು, ಅದರ ಪಕ್ಕದಲ್ಲಿ ಮಾಡಬಾರದ ಕೆಲಸ. ಈ ಬರವಣಿಗೆಯ ಪದ್ಧತಿಗೆ ಮಾರ್ಕ್‌ಡೌನ್ ಎಂದು ಹೆಸರು. ಜಾನ್ ಗ್ರೂಬರ್ ಅದನ್ನು 2004ರಲ್ಲಿ ಹೊರತಂದಾಗ ಗುರುತುಗಳನ್ನು ಬಿಡಿಸಿ ತೋರಿಸದಿದ್ದರೂ ಬರಹ ಹಾಗೆಯೇ ಓದುವಂತಿರಬೇಕು ಎಂಬುದು ಅವರ ಮುಖ್ಯ ಉದ್ದೇಶವಾಗಿತ್ತು. ಕೋಷ್ಟಕಗಳು ಆ ಮೂಲ ಪದ್ಧತಿಯಲ್ಲಿ ಇರಲೇ ಇಲ್ಲ, ಆಮೇಲೆ ಬೇರೆಯವರು ಸೇರಿಸಿದ್ದು.

ತೊಂದರೆ ಶುರುವಾಗುವುದು ಉತ್ತರ ಆ ಪರದೆಯನ್ನು ಬಿಟ್ಟು ಹೊರಟ ಮೇಲೆ. ತಾಯಿ ಅದನ್ನು ವಾಟ್ಸಾಪಿನಲ್ಲಿ ಅತ್ತೆಗೆ ಕಳಿಸಬಹುದು. ಆಪ್ ಇಲ್ಲದವರಿಗೆ ಸಹಾಯವಾಣಿಯೇ ಅದನ್ನು ಎಸ್ಸೆಮ್ಮೆಸ್ ಮಾಡಿ ಕಳಿಸಬಹುದು. ದೃಷ್ಟಿ ಇಲ್ಲದ ತಂದೆ ಫೋನಿನ ಓದುಗ ತಂತ್ರಾಂಶದಿಂದ ಓದಿಸಿ ಕೇಳಬಹುದು. ಕಣ್ಣು ಮಂಜಾದ ಅಜ್ಜಿ ಅಕ್ಷರದ ಗಾತ್ರವನ್ನು ಪೂರ್ತಿ ಏರಿಸಿ ಇಟ್ಟುಕೊಂಡಿರಬಹುದು. ಆಶಾ ಕಾರ್ಯಕರ್ತೆ ಅದನ್ನು ಮುದ್ರಿಸಿ ಜೆರಾಕ್ಸ್ ತೆಗೆಸಿ ಮನೆಮನೆಗೆ ಹಂಚಬಹುದು. ಬರೆದವರಿಗೆ ಗೊತ್ತಿದ್ದದ್ದು ಒಂದು ರೂಪ, ಓದುವವರಿಗೆ ಸಿಗುವುದು ಆರರಲ್ಲಿ ಯಾವುದೋ ಒಂದು.

ಹೀಗೆ ಬೇರೆಬೇರೆ ಕಡೆ ತೆರೆದುಕೊಂಡಾಗಲೂ ಒಂದು ಉತ್ತರ ಓದುವಂತೆ ಉಳಿಯುತ್ತದೆಯೇ ಎಂದು ಪರೀಕ್ಷಿಸಿ ಅಂಕ ಕೊಡಲು ಒಂದು ಪಟ್ಟಿ ಬೇಕಾಗುತ್ತದೆ. ಶಾಲೆಯ ಮೇಷ್ಟರುಗಳಿಗೆ ಇದರ ಹೆಸರು ಹೊಸದಲ್ಲ, ರೂಬ್ರಿಕ್. ಯಾವ ಗುಣಕ್ಕೆ ಎಷ್ಟು ಅಂಕ, ಎಷ್ಟು ಅಂಕ ಎಂದರೆ ಉತ್ತರ ಹೇಗಿರಬೇಕು ಎಂದು ಮೊದಲೇ ಬರೆದಿಟ್ಟ ಪಟ್ಟಿ. ಉತ್ತರ ಬರೆದದ್ದು ಮನುಷ್ಯನೋ ಯಂತ್ರವೋ, ಪಟ್ಟಿಗೆ ಎರಡೂ ಒಂದೇ. ಇಂಥ ಪಟ್ಟಿ ಮಾಡುವುದು ಸುಲಭ, ಸರಿಯಾಗಿ ಮಾಡುವುದು ಕಷ್ಟ. ಅಂಕಗಳನ್ನು ಕೂಡಿಸುವ ಕಡೆಯಲ್ಲಿ ಮಾಡುವ ಒಂದು ತಪ್ಪು ಇಡೀ ಪರೀಕ್ಷೆಯನ್ನೇ ವ್ಯರ್ಥ ಮಾಡಬಲ್ಲದು.

ಪಟ್ಟಿಯ ಮೊದಲ ಕೆಲಸ ಅಂಕ ಕೊಡುವುದಲ್ಲ, ಉತ್ತರದಲ್ಲಿ ಕಳೆದುಹೋಗಲೇಬಾರದ ಸಂಗತಿಗಳನ್ನು ಗುರುತಿಸುವುದು. ನಮ್ಮ ಉದಾಹರಣೆಯಲ್ಲಿ ಅವು ನಾಲ್ಕು: ನೀರು ಒಂದು ಲೀಟರ್, ಸಕ್ಕರೆ ಆರು ಚಮಚ, ಉಪ್ಪು ಅರ್ಧ ಚಮಚ, ಉಪ್ಪು ಅದಕ್ಕಿಂತ ಹೆಚ್ಚಾಗಬಾರದು. ತಲೆಬರಹ ದಪ್ಪಗಿದೆಯೋ ಇಲ್ಲವೋ ಎಂಬುದು ಈ ಪಟ್ಟಿಯಲ್ಲಿಲ್ಲ. ದಪ್ಪ ಅಕ್ಷರ ಹೋದರೆ ಹೋಗಲಿ.

ಎರಡನೆಯದು, ಯಾವ ಯಾವ ರೂಪದಲ್ಲಿ ನೋಡುವುದು ಎಂದು ಹೆಸರಿಸಿ ನಿಗದಿ ಮಾಡುವುದು. ‘ಬೇರೆಬೇರೆ ಫೋನುಗಳಲ್ಲಿ ನೋಡಿ’ ಎಂದರೆ ಪ್ರಯೋಜನವಿಲ್ಲ. ಇಲ್ಲಿ ಆರು ರೂಪಗಳನ್ನು ಇಟ್ಟುಕೊಳ್ಳೋಣ: ಸಹಾಯವಾಣಿಯ ಸ್ವಂತ ಆಪ್, ವಾಟ್ಸಾಪಿಗೆ ಅಂಟಿಸಿದ ಪಠ್ಯ, ಗುಂಡಿ ಫೋನಿನ ಎಸ್ಸೆಮ್ಮೆಸ್, ಕನ್ನಡ ಧ್ವನಿ ಹಾಕಿಕೊಂಡ ಟಾಕ್‌ಬ್ಯಾಕ್, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದ ಸಣ್ಣ ಪರದೆ, ಕಪ್ಪುಬಿಳುಪಿನ ಜೆರಾಕ್ಸ್. ಅಂತರ್ಜಾಲದ ಪುಟಗಳಿಗೆ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. 2018ರಲ್ಲಿ ಬಂದ ಅದರ 2.1 ಆವೃತ್ತಿಯ ಪ್ರಕಾರ 320 ಪಿಕ್ಸೆಲ್ ಅಗಲದ ಪರದೆಯಲ್ಲೂ ಓದುಗ ಅಡ್ಡಡ್ಡ ಸರಿಸದೆ ಓದುವಂತಿರಬೇಕು. ಆದರೆ ಅದು ಮಾಹಿತಿಯ ಕೋಷ್ಟಕಗಳಿಗೆ ವಿನಾಯಿತಿ ಕೊಡುತ್ತದೆ, ಏಕೆಂದರೆ ಸಾಲು ಮತ್ತು ಕಂಬ ಎರಡೂ ಒಟ್ಟಿಗೆ ಕಂಡರೇನೇ ಕೋಷ್ಟಕಕ್ಕೆ ಅರ್ಥ. ನಮ್ಮ ಅಜ್ಜಿಯ ತೊಂದರೆ ಇರುವುದು ಆ ವಿನಾಯಿತಿಯ ಒಳಗೇ. ಪುಟದ ಮಾನದಂಡದಲ್ಲಿ ಪಾಸಾದದ್ದು ಉತ್ತರದ ಪರೀಕ್ಷೆಯಲ್ಲಿ ಫೇಲಾಗಬಹುದು.

ಮೂರನೆಯದು ಅಂಕ. ಪ್ರತಿ ರೂಪಕ್ಕೂ ಮೂರರಿಂದ ಸೊನ್ನೆಯವರೆಗೆ.

ಮೂರು ಎಂದರೆ ಓದುಗನಿಗೆ ಎಲ್ಲೂ ತಡೆಯಿಲ್ಲ; ಮುಖ್ಯ ಸಂಗತಿಗಳೆಲ್ಲ ಒಂದೇ ಓದಿಗೆ ಸಿಕ್ಕಿದವು. ಎರಡು ಎಂದರೆ ಕಸಕಡ್ಡಿ ಕಾಣಿಸುತ್ತಿದೆ, ನಕ್ಷತ್ರಗಳು, ಗೀರುಗಳು, ಒಡೆದ ಸಾಲುಗಳು; ಆದರೆ ಸಂಗತಿಗಳೆಲ್ಲ ಇವೆ, ತಪ್ಪಾಗಿ ಓದಲು ಆಸ್ಪದವಿಲ್ಲ. ಒಂದು ಎಂದರೆ ಒಂದಾದರೂ ಮುಖ್ಯ ಸಂಗತಿ ಸಿಗುತ್ತಿಲ್ಲ, ಮತ್ತು ಸಿಗುತ್ತಿಲ್ಲ ಎಂಬುದು ಓದುಗನಿಗೆ ಗೊತ್ತಾಗುತ್ತದೆ. ಸೊನ್ನೆ ಎಂದರೆ ಸಂಗತಿ ಕಳೆದುಹೋಗಿದೆ ಅಥವಾ ತಿರುವುಮುರುವಾಗಿದೆ, ಮತ್ತು ಓದುಗನಿಗೆ ಅದು ಗೊತ್ತೇ ಆಗುವುದಿಲ್ಲ.

ಈ ಒಂದಕ್ಕೂ ಸೊನ್ನೆಗೂ ನಡುವಿನ ಗೆರೆಯೇ ಪಟ್ಟಿಯ ಜೀವಾಳ. ನಾನು ನೋಡಿದ ಇಂಥ ಹಲವು ಪಟ್ಟಿಗಳಲ್ಲಿ ‘ಚೆನ್ನಾಗಿದೆ, ಪರವಾಗಿಲ್ಲ, ಓದಲಾಗದು’ ಎಂಬ ಮೆಟ್ಟಿಲುಗಳಷ್ಟೇ ಇರುತ್ತವೆ. ಆದರೆ ಓದಲಾಗದ ಉತ್ತರ ಅಷ್ಟೇನೂ ಕೆಟ್ಟದ್ದಲ್ಲ. ಓದಲಾಗದವನು ಮತ್ತೆ ಕೇಳುತ್ತಾನೆ, ಫೋನ್ ಮಾಡುತ್ತಾನೆ, ಪಕ್ಕದ ಮನೆಯವರಿಗೆ ತೋರಿಸುತ್ತಾನೆ. ಸರಾಗವಾಗಿ ಓದಿಸಿಕೊಂಡು ತಪ್ಪು ಹೇಳುವ ಉತ್ತರ ಬಂದರೆ ಯಾರೂ ಮತ್ತೆ ಕೇಳುವುದಿಲ್ಲ, ನೇರವಾಗಿ ಉಪ್ಪಿನ ಡಬ್ಬಿ ತೆಗೆಯುತ್ತಾರೆ.

ಈಗ ನಮ್ಮ ಉತ್ತರಕ್ಕೆ ಅಂಕ ಹಾಕೋಣ.

ಆಪ್‌ನಲ್ಲಿ ಎಲ್ಲ ಸರಿ, ಮೂರು. ವಾಟ್ಸಾಪಿಗೆ ಅಂಟಿಸಿದಾಗ ದಪ್ಪ ಅಕ್ಷರದ ಗುರುತು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ದಪ್ಪ ಮಾಡಲು ಅತ್ತ ಒಂದು ಇತ್ತ ಒಂದು ನಕ್ಷತ್ರ ಸಾಕು. ಎರಡೆರಡು ಹಾಕಿದರೆ ಹೆಚ್ಚಿನವು ಪಠ್ಯದಲ್ಲಿ ಉಳಿದುಬಿಡುತ್ತವೆ. ಕೋಷ್ಟಕ ಕೋಷ್ಟಕವಾಗದೆ ಗೀರುಗಳೇ ಕಾಣುತ್ತವೆ. ಆದರೂ ‘ಉಪ್ಪು’ ಇರುವ ಸಾಲಿನಲ್ಲೇ ‘½ ಚಮಚ’ ಇದೆ, ಕತ್ತರಿ ಗುರುತೂ ಇದೆ. ನೋಡಲು ಚೆಂದವಿಲ್ಲ, ಅರ್ಥಕ್ಕೆ ಧಕ್ಕೆಯಿಲ್ಲ. ಎರಡು.

ಅಜ್ಜಿಯ ಫೋನಿನಲ್ಲಿ ಹಿಗ್ಗಿದ ಅಕ್ಷರಗಳು ಕೋಷ್ಟಕದ ಎರಡನೇ ಕಂಬವನ್ನು ಪರದೆಯ ಬಲಕ್ಕೆ ತಳ್ಳಿವೆ. ನೀರು, ಸಕ್ಕರೆ, ಉಪ್ಪು ಎಂಬ ಹೆಸರುಗಳು ಕಾಣುತ್ತವೆ, ಪ್ರಮಾಣ ಕಾಣುವುದಿಲ್ಲ. ಬೆರಳಿನಿಂದ ಎಡಕ್ಕೆ ಸರಿಸಿದರೆ ಸಿಗುತ್ತದೆ ಎಂದು ಆಕೆಗೆ ಹೊಳೆಯಬೇಕು. ಪ್ರಮಾಣ ಇಲ್ಲ ಎಂಬುದಂತೂ ಗೊತ್ತಾಗುತ್ತದೆ. ಒಂದು. ಜೆರಾಕ್ಸಿನಲ್ಲಿ ಎಲ್ಲ ಇದೆ, ಆದರೆ ½ ಎಂಬ ಪುಟ್ಟ ಗುರುತು ಮೂರನೇ ಪ್ರತಿಯ ಹೊತ್ತಿಗೆ ಮಸಿಯ ಚುಕ್ಕೆಯಾಗಿದೆ. ಅಲ್ಲಿ ಏನೋ ಇತ್ತು ಎಂದು ಕಾಣುತ್ತದೆ, ಏನಿತ್ತು ಎಂದು ತಿಳಿಯದು. ಒಂದು.

ಟಾಕ್‌ಬ್ಯಾಕ್‌ನ ಸಂಗತಿ ಧ್ವನಿಯನ್ನು ಹೊಂದಿಕೊಂಡಿದೆ. ಚಿಹ್ನೆಗಳನ್ನು ಒಂದೊಂದು ಧ್ವನಿ ಒಂದೊಂದು ಬಗೆಯಲ್ಲಿ ಓದುತ್ತದೆ: ಒಂದು ಅದರ ಇಂಗ್ಲಿಷ್ ಹೆಸರು ಹೇಳುತ್ತದೆ, ಇನ್ನೊಂದು ಮಾತಾಡದೆ ಮುಂದೆ ಹೋಗುತ್ತದೆ. ನಾವು ಆರಿಸಿಕೊಂಡ ಧ್ವನಿ ಕತ್ತರಿ ಗುರುತನ್ನು ‘ಕ್ರಾಸ್ ಮಾರ್ಕ್’ ಎಂದು ಓದಿ, ½ ಅನ್ನು ನುಂಗಿತು ಎಂದಿಟ್ಟುಕೊಳ್ಳಿ. ತಂದೆಗೆ ಕೇಳುವುದು ‘ಉಪ್ಪು, ಚಮಚ’. ಒಂದು ಚಮಚ ಎಂದು ಅರ್ಥ ಮಾಡಿಕೊಳ್ಳುವುದು ಸಹಜ. ಅಳತೆ ಇಮ್ಮಡಿಯಾಯಿತು, ಅವರಿಗೆ ಅನುಮಾನವೂ ಬರಲಿಲ್ಲ. ಸೊನ್ನೆ.

ಇನ್ನು ಗುಂಡಿ ಫೋನಿನ ಎಸ್ಸೆಮ್ಮೆಸ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಳಿಸುವ ವ್ಯವಸ್ಥೆ ವಿಶೇಷ ಚಿಹ್ನೆಗಳನ್ನು ತೆಗೆದುಹಾಕುವಂತಿದ್ದರೆ ಕೊನೆಯ ಸಾಲಿನ ಕತ್ತರಿ ಗುರುತು ಮಾಯವಾಗುತ್ತದೆ. ತೆಗೆಯದಿದ್ದರೂ ಹಳೆಯ ಫೋನಿನಲ್ಲಿ ಆ ಗುರುತಿಗೆ ಅಕ್ಷರರೂಪವೇ ಇಲ್ಲದಿದ್ದರೆ ಅದರ ಜಾಗದಲ್ಲಿ ಖಾಲಿ ಚೌಕ ಬರುತ್ತದೆ. ಆಗ ಆ ಸಾಲು ಹೀಗಿರುತ್ತದೆ:

```
□ ಹೆಚ್ಚು ಉಪ್ಪು
```

ಮಾಡಬಾರದು ಎಂಬ ಮಾತು ಇದ್ದದ್ದು ಗುರುತಿನಲ್ಲಿ ಮಾತ್ರ, ಪದಗಳಲ್ಲಿ ಇರಲಿಲ್ಲ. ಗುರುತು ಹೋದ ಮೇಲೆ ಉಳಿದದ್ದು ಹೆಚ್ಚು ಉಪ್ಪು ಹಾಕಿ ಎನ್ನುವ ಸಲಹೆ. ಎಚ್ಚರಿಕೆ ತಲೆಕೆಳಗಾಗಿ ಆಜ್ಞೆಯಾಯಿತು. ಎಷ್ಟು ಸೊನ್ನೆ ಕೊಟ್ಟರೂ ಕಡಿಮೆಯೇ.

ಮೂರು, ಎರಡು, ಒಂದು, ಒಂದು, ಸೊನ್ನೆ, ಸೊನ್ನೆ. ಹದಿನೆಂಟಕ್ಕೆ ಏಳು. ಉತ್ತರ ಫೇಲಾಯಿತು ಎನ್ನಲು ಯಾರಿಗೂ ಅನುಮಾನವಿರುವುದಿಲ್ಲ. ನಿಜವಾದ ಅಪಾಯ ಇರುವುದು ಅದನ್ನು ಅರ್ಧ ಸರಿಪಡಿಸಿದಾಗ.

ಬರೆದವರಿಗೆ ಅಂಕ ತೋರಿಸಿದೆವು ಎನ್ನಿ. ಅವರು ಕೋಷ್ಟಕ ತೆಗೆದು ಸಾಲುಸಾಲಾಗಿ ಬರೆದರು. ½ ಬದಲು ‘ಅರ್ಧ’ ಎಂದು ಬರೆದರು. ನಕ್ಷತ್ರ ತೆಗೆದರು. ಕೊನೆಯ ಸಾಲು ಚಿಕ್ಕದು, ಚೊಕ್ಕವಾಗಿದೆ ಎಂದು ಹಾಗೆಯೇ ಬಿಟ್ಟರು. ಮತ್ತೆ ಅಂಕ ಹಾಕಿ. ಆಪ್ ಮೂರು, ವಾಟ್ಸಾಪ್ ಮೂರು, ದೊಡ್ಡ ಅಕ್ಷರ ಮೂರು, ಜೆರಾಕ್ಸ್ ಮೂರು. ಟಾಕ್‌ಬ್ಯಾಕ್ ‘ಕ್ರಾಸ್ ಮಾರ್ಕ್ ಹೆಚ್ಚು ಉಪ್ಪು’ ಎನ್ನುತ್ತದೆ, ಒಂದು ಕ್ಷಣ ಯೋಚಿಸಿದರೆ ಅರ್ಥವಾಗುತ್ತದೆ, ಎರಡು. ಎಸ್ಸೆಮ್ಮೆಸ್ ಹಾಗೆಯೇ ಸೊನ್ನೆ. ಒಟ್ಟು ಹದಿನಾಲ್ಕು. ಶೇಕಡಾ 78ಕ್ಕೆ ಹತ್ತಿರ, ನಮ್ಮ ಶಾಲೆಗಳ ಲೆಕ್ಕದಲ್ಲಿ ಫಸ್ಟ್ ಕ್ಲಾಸ್. ಉತ್ತರವನ್ನು ಬಿಡುಗಡೆ ಮಾಡುತ್ತಾರೆ, ಮತ್ತು ಗುಂಡಿ ಫೋನಿನಲ್ಲಿ ಓದುವ ಮನೆಗಳಿಗೆ ಹೆಚ್ಚು ಉಪ್ಪಿನ ಸಲಹೆ ಹೋಗುತ್ತದೆ.

ಸರಾಸರಿ ಇಲ್ಲಿ ಮೋಸ ಮಾಡುವುದಕ್ಕೆ ಕಾರಣ ಸರಳ. ಒಂದು ಉತ್ತರವನ್ನು ಯಾರೂ ಆರು ರೂಪಗಳಲ್ಲಿ ಓದುವುದಿಲ್ಲ. ಪ್ರತಿ ಮನೆ ಓದುವುದು ಒಂದೇ ರೂಪದಲ್ಲಿ. ಆಪ್‌ನಲ್ಲಿ ಓದಿದ ಮನೆಯವರಿಗೆ ಸಿಕ್ಕ ಮೂರು ಅಂಕ ಎಸ್ಸೆಮ್ಮೆಸ್ ಓದಿದ ಮನೆಯವರ ಸೊನ್ನೆಯನ್ನು ತುಂಬಿಕೊಡುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತೊಂಬತ್ತು ಬಂದರೂ ಗಣಿತದಲ್ಲಿ ಹತ್ತು ಬಂದವನು ಪಾಸಾಗುವುದಿಲ್ಲ, ಪ್ರತಿ ವಿಷಯಕ್ಕೂ ಕನಿಷ್ಠ ಅಂಕ ಬೇಕು. ಈ ಪಟ್ಟಿಯಲ್ಲೂ ಹಾಗೆಯೇ ಮಾಡಬೇಕು. ಎಲ್ಲಾದರೂ ಒಂದು ಸೊನ್ನೆ ಬಂದರೆ ಉತ್ತರ ಹಿಂದಕ್ಕೆ. ಸೊನ್ನೆ ಇಲ್ಲದೆ ಒಂದು ಇದ್ದರೆ, ಆ ರೂಪಕ್ಕೆ ಕಳಿಸುವ ಮೊದಲು ತಿದ್ದಬೇಕು. ಆಮೇಲೆ, ಪಾಸಾದ ಉತ್ತರಗಳಲ್ಲಿ ಯಾವುದು ಉತ್ತಮ ಎಂದು ಹೋಲಿಸಲು ಮಾತ್ರ ಒಟ್ಟು ಅಂಕ ನೋಡಬಹುದು.

ಅಂಕ ಹಾಕುವವರು ಹೇಗೆ ಕೆಲಸ ಮಾಡುತ್ತಾರೆ ಎಂಬುದರ ಮೇಲೂ ಫಲಿತಾಂಶ ನಿಂತಿದೆ. ಮೂಲ ಉತ್ತರವನ್ನು ಮೊದಲೇ ಓದಿದವರಿಗೆ ಮಸಿಯ ಚುಕ್ಕೆಯೂ ½ ಆಗಿಯೇ ಕಾಣುತ್ತದೆ, ಮನಸ್ಸು ತನಗೆ ಗೊತ್ತಿರುವುದನ್ನು ತುಂಬಿಕೊಂಡು ಓದುತ್ತದೆ. ಆದ್ದರಿಂದ ಪರೀಕ್ಷೆ ಕೆಳಗಿನಿಂದ ಶುರುವಾಗಬೇಕು. ಮೊದಲು ಎಸ್ಸೆಮ್ಮೆಸ್, ಆಮೇಲೆ ಕಣ್ಣು ಮುಚ್ಚಿ ಧ್ವನಿ, ಆಮೇಲೆ ಜೆರಾಕ್ಸ್. ಆಪ್‌ನ ಸುಂದರ ಪರದೆ ಎಲ್ಲಕ್ಕಿಂತ ಕೊನೆಗೆ. ಸಾಧ್ಯವಿದ್ದರೆ ಒಂದೊಂದು ರೂಪವನ್ನು ಒಬ್ಬೊಬ್ಬರು ನೋಡುವುದು ಇನ್ನೂ ಒಳ್ಳೆಯದು.

ಕೇಳುವ ಪ್ರಶ್ನೆಯೂ ಮುಖ್ಯ. ‘ಇದನ್ನು ಓದಲು ಆಗುತ್ತದೆಯೇ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಉಪ್ಪು ಎಷ್ಟು ಹಾಕುತ್ತೀರಿ?’ ಎಂದು ಕೇಳಿ, ಉತ್ತರ ಬರೆಸಿಕೊಂಡು, ಮೊದಲೇ ಗುರುತಿಸಿಟ್ಟ ನಾಲ್ಕು ಸಂಗತಿಗಳ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಇನ್ನೊಂದು ಪ್ರಶ್ನೆ: ‘ನಿಮಗೆ ಇದರಲ್ಲಿ ಏನಾದರೂ ಅನುಮಾನ ಬಂತೇ?’ ಬಂತು ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ. ಸೊನ್ನೆ ಕೊಡುವ ನಿರ್ಧಾರ ಹೀಗೆ ಪರೀಕ್ಷಕರ ಅಭಿಪ್ರಾಯದಿಂದ ಬಿಡಿಸಿಕೊಂಡು ಓದುಗರ ನಡೆಯ ಮೇಲೆ ನಿಲ್ಲುತ್ತದೆ.

ಇಬ್ಬರು ಪರೀಕ್ಷಕರನ್ನು ಇಟ್ಟರೆ ಅವರ ಒಮ್ಮತವನ್ನೂ ಅಳೆಯಬೇಕು, ಮತ್ತು ಅಲ್ಲೊಂದು ಬಲೆಯಿದೆ. ಹೆಚ್ಚಿನ ಉತ್ತರಗಳು ಹೆಚ್ಚಿನ ರೂಪಗಳಲ್ಲಿ ಸರಿಯಾಗಿಯೇ ಇರುತ್ತವೆ. ಇಬ್ಬರೂ ನೂರರಲ್ಲಿ ತೊಂಬತ್ತಕ್ಕೆ ಪಾಸ್, ಹತ್ತಕ್ಕೆ ಫೇಲ್ ಕೊಡುವವರು ಎಂದುಕೊಳ್ಳಿ. ಉತ್ತರವನ್ನು ನೋಡದೆ ಮನಬಂದಂತೆ ಹಾಕಿದರೂ ಇಬ್ಬರ ಪಾಸುಗಳು ಸುಮಾರು ಎಂಬತ್ತೊಂದು ಕಡೆ, ಫೇಲುಗಳು ಒಂದು ಕಡೆ ಕೂಡಿಕೊಳ್ಳುತ್ತವೆ. ಅಂದರೆ ಏನೂ ಓದದೆಯೇ ನೂರಕ್ಕೆ 82ರಷ್ಟು ಒಮ್ಮತ! ಈ ಆಕಸ್ಮಿಕದ ಪಾಲನ್ನು ಕಳೆದು ಉಳಿದ ಒಮ್ಮತವನ್ನು ಮಾತ್ರ ಲೆಕ್ಕ ಹಾಕುವ ವಿಧಾನವನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು, ಅದನ್ನು ಕಪ್ಪಾ ಎನ್ನುತ್ತಾರೆ. ಕಪ್ಪಾ ಕಡಿಮೆ ಬಂದರೆ ಪರೀಕ್ಷಕರನ್ನು ಬದಲಿಸುವ ಮೊದಲು ಪಟ್ಟಿಯ ಮಾತುಗಳನ್ನು ತಿದ್ದಬೇಕು. ಸಾಮಾನ್ಯವಾಗಿ ಜಗಳ ಬರುವುದು ಎರಡು ಮತ್ತು ಒಂದರ ನಡುವೆ, ಗೀರುಗಳ ಕಸದ ನಡುವೆ ಸಂಗತಿ ಸಿಗುತ್ತದೋ ಇಲ್ಲವೋ ಎಂಬಲ್ಲಿ.

ಕನ್ನಡದ ಉತ್ತರಗಳಿಗೆ ಈ ಪಟ್ಟಿಯನ್ನು ಇಂಗ್ಲಿಷಿನಿಂದ ಹಾಗೆಯೇ ಎತ್ತಿಕೊಂಡರೆ ನಡೆಯುವುದಿಲ್ಲ. ನಮ್ಮ ಲಿಪಿಗೆ ಅದರದೇ ಆದ ಗಂಡಾಂತರಗಳಿವೆ.

ಒಂದು, ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಗುಂಡಿಗಳಲ್ಲಿ, ನೋಟಿಫಿಕೇಷನ್ ಪಟ್ಟಿಗಳಲ್ಲಿ ಸಾಲಿನ ಕೆಳಗೆ ಜಾಗವಿರುವುದಿಲ್ಲ. ಅಕ್ಷರದ ಗಾತ್ರ ಏರಿಸಿದರಂತೂ ಒತ್ತುಗಳು ಕತ್ತರಿಸಿಹೋಗುತ್ತವೆ. ‘ಉಪ್ಪು’ ಎಂಬುದು ‘ಉಪು’ ಎಂದು ಕಂಡರೆ ಯಾರೂ ತಪ್ಪು ತಿಳಿಯುವುದಿಲ್ಲ, ಎರಡು ಅಂಕ ಕೊಡಬಹುದು. ಆದರೆ ‘ಹತ್ತು’ ಇದ್ದದ್ದು ‘ಹತು’ ಎಂದೋ, ‘ಅಕ್ಕಿ’ ಇದ್ದದ್ದು ‘ಅಕಿ’ ಎಂದೋ ಬಂದಾಗ ಓದುಗ ಊಹಿಸಬೇಕಾಗುತ್ತದೆ. ಔಷಧದ ಹೆಸರಿನಲ್ಲಿ ಹೀಗಾದರೆ ಊಹೆಗೂ ಆಧಾರವಿರುವುದಿಲ್ಲ.

ಎರಡು, ಕಣ್ಣಿಗೆ ಕಾಣದ ಒಂದು ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೂ ವಕಾರಕ್ಕೂ ನಡುವೆ ಅಗಲವಿಲ್ಲದ ಒಂದು ಬೇರ್ಪಡಿಕೆಯ ಗುರುತು ಕೂತಿರುತ್ತದೆ. ಪಠ್ಯವನ್ನು ಶುಚಿಗೊಳಿಸುವ ವ್ಯವಸ್ಥೆಗಳು ಅದನ್ನು ಕಸವೆಂದು ತೆಗೆದುಹಾಕಿದರೆ ‘ಸಾಫ್ಟ್ವೇರ್’ ಎಂದು ಒತ್ತು ಅಂಟಿಕೊಳ್ಳುತ್ತದೆ. ಇದು ಕಿರಿಕಿರಿ ಅಷ್ಟೇ, ಅಪಾಯವಲ್ಲ. ಎರಡು ಅಂಕ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯುನಿಕೋಡ್ ಅಲ್ಲದ ಸಂಕೇತದಲ್ಲಿ ಟೈಪ್ ಮಾಡಿದ ಪಠ್ಯದ ಕಥೆ ಬೇರೆ. ಆ ಫಾಂಟು ಇಲ್ಲದ ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಬರುತ್ತದೆ. ನೋಡಿದ ಕೂಡಲೇ ಇದು ಕೆಟ್ಟಿದೆ ಎಂದು ಗೊತ್ತಾಗುವುದರಿಂದ, ನಮ್ಮ ಪಟ್ಟಿಯ ಪ್ರಕಾರ ಒಂದು ಅಂಕ. ಒಂದಕ್ಷರವೂ ಓದಲಾಗದ ಈ ಪಠ್ಯಕ್ಕೆ ‘□ ಹೆಚ್ಚು ಉಪ್ಪು’ ಎಂಬ ಸ್ವಚ್ಛ ಸಾಲಿಗಿಂತ ಹೆಚ್ಚು ಅಂಕ ಸಿಗುವುದು ಮೊದಲ ಸಲ ನೋಡಿದವರಿಗೆ ವಿಚಿತ್ರ ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದೇ ಸರಿಯಾದ ಕ್ರಮ.

ಮೂರನೆಯದು ಎಸ್ಸೆಮ್ಮೆಸ್ಸಿನ ಅಳತೆ. ಒಂದು ಎಸ್ಸೆಮ್ಮೆಸ್ಸಿಗೆ ಸಿಗುವುದು 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಹದಿನಾರು ಬಿಟ್ ಬೇಕು, ಹಾಗಾಗಿ ಹಿಡಿಯುವುದು 70 ಮಾತ್ರ. ಅದೂ ನಾವು ಅಕ್ಷರ ಎನ್ನುವುದನ್ನು ಫೋನು ಒಂದೆಂದು ಎಣಿಸುವುದಿಲ್ಲ. ‘ಉಪ್ಪು’ ನಮಗೆ ಎರಡಕ್ಷರ. ಫೋನಿಗೆ ಉ, ಪ, ವಿರಾಮ, ಪ, ಉಕಾರದ ಕೊಂಬು ಸೇರಿ ಐದು. ಸಂದೇಶ 70 ದಾಟಿದರೆ ಅದನ್ನು ತುಂಡುಮಾಡಿ ಕಳಿಸುತ್ತಾರೆ, ತುಂಡುಗಳನ್ನು ಜೋಡಿಸುವ ಮಾಹಿತಿಗೆ ಜಾಗ ಹೋಗಿ ಒಂದೊಂದು ತುಂಡಿಗೆ ಉಳಿಯುವುದು 67. ಕೆಲವು ಹಳೆಯ ಫೋನುಗಳಲ್ಲಿ ತುಂಡುಗಳು ಬಿಡಿಬಿಡಿಯಾಗಿ ಕಾಣಿಸುತ್ತವೆ. ‘ಅರ್ಧ’ ಮೊದಲ ತುಂಡಿನ ಕೊನೆಯಲ್ಲೂ ‘ಟೀ ಚಮಚ ಉಪ್ಪು’ ಎರಡನೆಯದರ ಮೊದಲಲ್ಲೂ ಬಿದ್ದರೆ, ಎರಡನೆಯದು ಮೊದಲು ಬಂದ ಮನೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕನ್ನಡದ ಪಟ್ಟಿಯಲ್ಲಿ ಒಂದು ನಿಯಮ ಸೇರಬೇಕು: ಪ್ರಮಾಣವೂ ಪದಾರ್ಥವೂ ಒಂದೇ ತುಂಡಿನಲ್ಲಿರಬೇಕು.

ಈ ನಿಯಮ ಇಟ್ಟುಕೊಂಡು ನಮ್ಮ ಉತ್ತರವನ್ನು ಮತ್ತೆ ಬರೆದರೆ ಹೀಗಾಗುತ್ತದೆ:

```
1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.
```

ಚುಕ್ಕಿ, ಅಲ್ಪವಿರಾಮ, ಖಾಲಿ ಜಾಗ ಎಲ್ಲ ಸೇರಿ ಎಣಿಸಿದರೆ ಇದು ಸರಿಯಾಗಿ 70. ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುತ್ತದೆ. ಬೇಡ ಎಂಬ ಮಾತು ಗುರುತಿನಿಂದ ಕ್ರಿಯಾಪದಕ್ಕೆ ಬಂದು ಕೂತಿದೆ, ‘ಬಾರದು’ ಎಂಬುದನ್ನು ಯಾವ ವ್ಯವಸ್ಥೆಯೂ ಚಿಹ್ನೆಯೆಂದು ತೆಗೆದುಹಾಕುವುದಿಲ್ಲ. ಅರ್ಧ ಎಂಬುದು ಪದವಾಗಿರುವುದರಿಂದ ಧ್ವನಿಯೂ ಓದುತ್ತದೆ, ಜೆರಾಕ್ಸಿನಲ್ಲೂ ಉಳಿಯುತ್ತದೆ. ಸಣ್ಣ ಪರದೆಯಲ್ಲಿ ಸಾಲುಗಳು ಮಡಚಿಕೊಂಡರೂ ಪದಗಳ ಕ್ರಮ ಕೆಡುವುದಿಲ್ಲ.

ಇದಕ್ಕೆ ಆರೂ ಕಡೆ ಮೂರು ಸಿಗಬೇಕಲ್ಲವೇ? ಐದು ಕಡೆ ಸಿಗುತ್ತದೆ. ಆಪ್‌ನಲ್ಲಿ ನಾನು ಎರಡೇ ಕೊಡುತ್ತೇನೆ. ಅಲ್ಲಿ ಜಾಗವಿದೆ, ಸಕ್ಕರೆ ಒಂದು ಸಾಲಿನಲ್ಲಿ, ಉಪ್ಪು ಇನ್ನೊಂದು ಸಾಲಿನಲ್ಲಿ ಇದ್ದಿದ್ದರೆ ಒಂದು ಕೈಯಲ್ಲಿ ಅಳುವ ಮಗುವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚಮಚ ಹಿಡಿದವಳ ಕಣ್ಣಿಗೆ ಬೇಗ ಸಿಗುತ್ತಿತ್ತು. ಎಲ್ಲ ಕಡೆಯೂ ಉಳಿಯಲಿ ಎಂದು ಎಲ್ಲವನ್ನೂ ಒಂದೇ ಪ್ಯಾರಾ ಮಾಡಿಬಿಡುವ ಚಟ ಈ ಪಟ್ಟಿಯಿಂದಲೇ ಹುಟ್ಟಬಹುದು. ನಾಲ್ಕು ಸಂಗತಿಗಳಿಗೆ ಅದು ಸಾಕು. ಲಸಿಕೆಯ ವೇಳಾಪಟ್ಟಿಯಂಥದ್ದನ್ನು, ವಯಸ್ಸು, ಲಸಿಕೆ, ಪ್ರಮಾಣ, ಎಲ್ಲಿ ಚುಚ್ಚುವುದು ಎಂಬ ನಾಲ್ಕು ಕಂಬಗಳ ವಿಷಯವನ್ನು, ಗದ್ಯ ಮಾಡಿದರೆ ಎಲ್ಲ ಕಡೆಯೂ ಸಮಾನವಾಗಿ ಓದಲು ಕಷ್ಟವಾಗುತ್ತದೆ. ಅಂಥದ್ದಕ್ಕೆ ಆಪ್‌ನಲ್ಲಿ ಕೋಷ್ಟಕವೇ ಇರಲಿ, ಎಸ್ಸೆಮ್ಮೆಸ್ಸಿಗೆ ಆ ಮಗುವಿನ ಮುಂದಿನ ಒಂದು ಲಸಿಕೆಯ ಸಾಲು ಮಾತ್ರ ಹೋಗಲಿ. ಪಟ್ಟಿ ಆಗ ಎರಡೂ ರೂಪಗಳನ್ನು ಬೇರೆ ಬೇರೆಯಾಗಿಯೇ ಅಳೆಯಬೇಕು.

ನಮ್ಮ 70ರ ಸಂದೇಶಕ್ಕೂ ಒಂದು ಕೊರತೆ ಇದೆ, ಮತ್ತು ಅದನ್ನು ಈ ಪಟ್ಟಿ ತಾನಾಗಿ ಹಿಡಿಯುವುದಿಲ್ಲ. ಇಲ್ಲಿರುವುದು ಓದುವಂತಿದೆಯೇ ಎಂದಷ್ಟೇ ಅದು ನೋಡುತ್ತದೆ, ಇರಬೇಕಾದದ್ದು ಇದೆಯೇ ಎಂದು ನೋಡುವುದಿಲ್ಲ. ಆಸ್ಪತ್ರೆಗೆ ಯಾವಾಗ ಹೋಗಬೇಕು ಎಂಬ ಮಾತು ಮೂಲ ಉತ್ತರದಲ್ಲಿ ಇರಲಿಲ್ಲ, ಆದ್ದರಿಂದ ಕಳೆದುಹೋಗಬಾರದ ಸಂಗತಿಗಳ ಪಟ್ಟಿಗೂ ಬರಲಿಲ್ಲ. ಅದನ್ನು ಸೇರಿಸುವುದು ವೈದ್ಯರ ಕೆಲಸ. ಅವರು ಸೇರಿಸಿದ ಮೇಲೆ ಮೊದಲ ಸಂದೇಶದ ಬಾಲಕ್ಕೆ ಅಂಟಿಸದೆ, ಬಿಡಿಯಾಗಿ ಬಂದರೂ ಅರ್ಥ ಪೂರ್ಣವಾಗುವ ಇನ್ನೊಂದು ಸಂದೇಶವಾಗಿ ಕಳಿಸಬೇಕು. ಇದು 58 ಸಂಕೇತ ಹಿಡಿಯುತ್ತದೆ:

```
ಮಗು ಮಂಕಾದರೆ, ಕುಡಿಯಲಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.
```